ಗಡಸುತನದ ಟೈಟ್ರೇಶನ್: ಸಿಲಿಂಡರ್ ಎಲ್ಲಿ ಸಾಕು, ಪಿಪೆಟ್ ಎಲ್ಲಿ ಬೇಕು

ಬೋರ್‌ವೆಲ್ ನೀರಿನ ಗಡಸುತನ ನೋಡುವಾಗ ವರದಿಯ ಮೇಲೆ ಹೆಚ್ಚು ಜಗಳ ಬರುವುದು ಲೀಟರಿಗೆ 200 ಮಿಲಿಗ್ರಾಂ ಎಂಬ ಗಡಿಯ ಆಸುಪಾಸಿನಲ್ಲಿ. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಹೇಳುವ ಸ್ವೀಕಾರಾರ್ಹ ಮಿತಿ ಅದು. ಬಂದ ಉತ್ತರ 198 ಆದರೆ ಒಂದು ಮಾತು, 203 ಆದರೆ ಇನ್ನೊಂದು. ಹಾಗಾಗಿ ಶೇಕಡಾ 1, ಅಂದರೆ 2 ಮಿಲಿಗ್ರಾಂ ಆಚೀಚೆಯೊಳಗೆ ಉತ್ತರ ಬರಬೇಕು ಎಂದು ಗುರಿ ಇಟ್ಟುಕೊಳ್ಳೋಣ. ಯಾವ ಗಾಜು ಕೈಗೆತ್ತಿಕೊಳ್ಳಬೇಕು ಎನ್ನುವುದನ್ನು ಈ ಗುರಿಯೇ ತೀರ್ಮಾನಿಸುತ್ತದೆ.

ಲೆಕ್ಕ ಸರಳ. 50 ಮಿಲಿ ನೀರು ತೆಗೆದುಕೊಂಡು, ಬಫರ್ ಮತ್ತು ಬಣ್ಣದ ಸೂಚಕ ಹಾಕಿ, ಕೆಂಪು ಬಣ್ಣ ನೀಲಿಗೆ ತಿರುಗುವ ಅಂತ್ಯಬಿಂದುವಿನವರೆಗೆ 0.01 ಮೋಲಾರ್ ಇಡಿಟಿಎಯಿಂದ ಟೈಟ್ರೇಟ್ ಮಾಡುತ್ತೇವೆ. ಈ ದ್ರಾವಣದ 1 ಮಿಲಿ ಅಂದರೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. 200ರ ಗಡಿಯಲ್ಲಿರುವ ನೀರಿಗೆ 10 ಮಿಲಿ ಇಡಿಟಿಎ ಖರ್ಚಾಗುತ್ತದೆ. ಇಲ್ಲಿ ಅಳತೆಯ ಕೆಲಸ ಮೂರು: ನೀರಿನ 50 ಮಿಲಿ, ಬಫರಿನ 1–2 ಮಿಲಿ, ಇಡಿಟಿಎಯ ಸುಮಾರು 10 ಮಿಲಿ.

ನೀರನ್ನು 100 ಮಿಲಿ ಸಿಲಿಂಡರಿನಲ್ಲಿ ಅಳೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಬಿ ಕ್ಲಾಸ್‌ನ 100 ಮಿಲಿ ಸಿಲಿಂಡರಿಗೆ ಇರುವ ಸಹಿಷ್ಣುತೆ, ಅಂದರೆ ಒಪ್ಪಬಹುದಾದ ತಪ್ಪಿನ ಮಿತಿ, ±1 ಮಿಲಿ. ಅದು ಗೀಟಿದ ಅಳತೆಯ ಯಾವ ಹಂತಕ್ಕೂ ಅಷ್ಟೇ ಅನ್ವಯಿಸುವುದರಿಂದ, 50ರ ಗೀಟಿನಲ್ಲಿ 1 ಮಿಲಿ ಎಂದರೆ ಶೇಕಡಾ 2 ತಪ್ಪು. ಅಲ್ಲಿಗೇ ನಮ್ಮ ಗುರಿ ಮುಗಿಯಿತು. ಮುಂದೆ ಎಷ್ಟೇ ಒಳ್ಳೆ ಬ್ಯೂರೆಟ್ ಇಟ್ಟರೂ ಉತ್ತರ ಸುಧಾರಿಸುವುದಿಲ್ಲ. ಇನ್ನೂ ಬಿಗಿಯಾದ ಎ ಕ್ಲಾಸ್ ಸಿಲಿಂಡರ್ ತಂದರೂ ±0.5 ಮಿಲಿ, ಅಂದರೆ ಶೇಕಡಾ 1, ಪೂರ್ತಿ ಅವಕಾಶವನ್ನು ಅದೊಂದೇ ನುಂಗುತ್ತದೆ. ಅದೇ 50 ಮಿಲಿಯ ಒಂದೇ ಗೀಟಿನ ಎ ಕ್ಲಾಸ್ ಪಿಪೆಟ್ಟಿಗೆ ಸಹಿಷ್ಣುತೆ ±0.05 ಮಿಲಿ, ಶೇಕಡಾ 0.1. ಇಲ್ಲಿ ಪಿಪೆಟ್ ಬಿಟ್ಟರೆ ಬೇರೆ ದಾರಿಯಿಲ್ಲ.

ಬಫರಿಗೆ ಮಾತ್ರ ಸಿಲಿಂಡರ್ ಧಾರಾಳವಾಗಿ ಸಾಕು. ಅದರ ಕೆಲಸ ಪಿಎಚ್ ಅನ್ನು 10ರ ಹತ್ತಿರ ಹಿಡಿದಿಡುವುದಷ್ಟೇ. ಅದರ ಅಳತೆ ಉತ್ತರದ ಲೆಕ್ಕದೊಳಗೆ ಬರುವುದೇ ಇಲ್ಲ. ಬಫರಿಗೂ ಎ ಕ್ಲಾಸ್ ಪಿಪೆಟ್ ಹಿಡಿದು ಕೂರುವುದು ಸಮಯ ಮತ್ತು ಗಾಜು ಎರಡರ ದಂಡ. ಲೆಕ್ಕದ ಸೂತ್ರದಲ್ಲಿ ಬರುವ ಅಳತೆಗೆ ಪಿಪೆಟ್ ಅಥವಾ ಬ್ಯೂರೆಟ್, ಬಾರದ ಅಳತೆಗೆ ಸಿಲಿಂಡರ್ ಎಂದು ನಾನು ಹೊಸಬರಿಗೆ ಹೇಳುವುದುಂಟು.

ಬ್ಯೂರೆಟ್ಟಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಮೈಮೇಲೆ ಎ ಎಂದಿದ್ದರೆ ಸಾಕು, ಕೆಲಸ ನಿಖರ ಎಂದುಕೊಳ್ಳುತ್ತಾರೆ. 50 ಮಿಲಿಯ ಎ ಕ್ಲಾಸ್ ಬ್ಯೂರೆಟ್ಟಿನ ಸಹಿಷ್ಣುತೆ ±0.05 ಮಿಲಿ. ಪೂರ್ತಿ 50 ಮಿಲಿ ಬಿಟ್ಟರೆ ಅದು ಶೇಕಡಾ 0.1, ನಾವು ಬಿಡುವುದು 10 ಮಿಲಿ, ಆದ್ದರಿಂದ ಶೇಕಡಾ 0.5. ಬಿ ಕ್ಲಾಸ್ ಆದರೆ ±0.1 ಮಿಲಿ, ನೇರ ಶೇಕಡಾ 1. ಹಾಗಾಗಿ ಕ್ಲಾಸ್ ನೋಡುವ ಮೊದಲು ಖರ್ಚಾಗುವ ಅಳತೆ ಎಷ್ಟೆಂದು ನೋಡಬೇಕು. ಈ ಕೆಲಸಕ್ಕೆ 0.05 ಮಿಲಿ ಗೀಟಿನ, 25 ಮಿಲಿಯ ಎ ಕ್ಲಾಸ್ ಬ್ಯೂರೆಟ್ ಸರಿಯಾದದ್ದು: ±0.03 ಮಿಲಿ, ಅಂದರೆ ಶೇಕಡಾ 0.3. ಇನ್ನೂ ಸಣ್ಣದೆಂದು 10 ಮಿಲಿ ಬ್ಯೂರೆಟ್ ಹಿಡಿದರೆ ಅಂತ್ಯಬಿಂದು ಬರುವ ಮೊದಲೇ ಖಾಲಿಯಾಗಿ ಮತ್ತೆ ತುಂಬಬೇಕಾಗಬಹುದು. ಆಗ ಓದುವ ತಪ್ಪು ಎರಡು ಸಲ ಸೇರುತ್ತದೆ.

ನೀರನ್ನೇ 100 ಮಿಲಿ ತೆಗೆದುಕೊಂಡು ಇಡಿಟಿಎ ಖರ್ಚನ್ನು 20 ಮಿಲಿಗೆ ಏರಿಸಬಹುದಲ್ಲ ಎಂದು ಯಾರಾದರೂ ಕೇಳುತ್ತಾರೆ. ಅಂಕಗಣಿತ ಒಪ್ಪುತ್ತದೆ, ರಸಾಯನ ಒಪ್ಪುವುದಿಲ್ಲ. ಬಫರ್ ಹಾಕಿದ ಮೇಲೆ ಪಿಎಚ್ 10ರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ನಿಧಾನವಾಗಿ ಒತ್ತರಿಸಲು ತೊಡಗುತ್ತದೆ. 5 ನಿಮಿಷದೊಳಗೆ ಟೈಟ್ರೇಶನ್ ಮುಗಿಯಬೇಕು, ಇಡಿಟಿಎ ಖರ್ಚು 15 ಮಿಲಿ ಮೀರಬಾರದು. ಒತ್ತರಿಸಿದ್ದು ನಡೆದಿದ್ದರೆ ಅಂತ್ಯಬಿಂದು ತಟ್ಟನೆ ನಿಲ್ಲುವುದಿಲ್ಲ, ನೀಲಿ ಬಂದ ಮೇಲೆ ಮತ್ತೆ ಕೆಂಪು ಛಾಯೆ ಮರಳುತ್ತದೆ.

ಈಗ ಒಟ್ಟು ಕೂಡಿಸಿ. ಪಿಪೆಟ್ 0.1, ಬ್ಯೂರೆಟ್ 0.3. ಮೊದಲ ಮತ್ತು ಕೊನೆಯ ಓದು ತಲಾ 0.02 ಮಿಲಿ ತಪ್ಪಿದರೆ ಸೇರಿ ಅದೂ ಸುಮಾರು 0.3. ಕೊನೆಯ ಒಂದು ಹನಿ 0.05 ಮಿಲಿ, ಅಂದರೆ 0.5. ಬಿಡಿ ತಪ್ಪುಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಶೇಕಡಾ 0.66 ಬರುತ್ತದೆ. ಇಡಿಟಿಎಯ ಸಾಂದ್ರತೆಯ ತಪ್ಪಿಗೆ ಇನ್ನೂ ಜಾಗ ಉಳಿದಿದೆ. ಗಮನಿಸಿ: ಅತಿ ದೊಡ್ಡ ಪಾಲು ಹನಿಯದ್ದು. ಕೆಂಪು ತಿಳಿಯಾಗತೊಡಗಿದ ಮೇಲೆ ಅರ್ಧ ಹನಿಯನ್ನು ತುದಿಯಲ್ಲಿ ನಿಲ್ಲಿಸಿ, ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ, ನೀರಿನಿಂದ ತೊಳೆದು ಒಳಗಿಳಿಸಿದರೆ ಗಾಜು ಬದಲಿಸದೆಯೇ ಉತ್ತರ ಬಿಗಿಯಾಗುತ್ತದೆ. ಇಡಿಟಿಎಯನ್ನು ಸ್ಟ್ಯಾಂಡರ್ಡೈಸ್ ಮಾಡುವಾಗಲೂ ಅದೇ ಬ್ಯೂರೆಟ್ಟಿನಲ್ಲಿ, ಸೊನ್ನೆಯಿಂದಲೇ ಶುರುಮಾಡಿ, ಸುಮಾರು 10 ಮಿಲಿಯೇ ಖರ್ಚಾಗುವಂತೆ ಮಾಡಿದರೆ ಆ ಬ್ಯೂರೆಟ್ಟಿನ ಸ್ಥಿರ ತಪ್ಪು ಬಹುಪಾಲು ಎರಡೂ ಕಡೆಯಿಂದ ಕಳೆದುಹೋಗುತ್ತದೆ.

ಗಾಜಿನ ಮೇಲಿನ ಗುರುತುಗಳಲ್ಲಿ ಎ ಎಂದರೆ ಆ ಅಳತೆಗೆ ನಿಗದಿಯಾದ ಬಿಗಿ ಸಹಿಷ್ಣುತೆ. ಬಿ ಸಾಮಾನ್ಯವಾಗಿ ಅದರ ಎರಡರಷ್ಟು ಸಡಿಲ. ಎಎಸ್ ಎಂದಿದ್ದರೆ ಎ ಕ್ಲಾಸಿನದೇ ಸಹಿಷ್ಣುತೆ, ಆದರೆ ಬೇಗ ಇಳಿಯುವ ತುದಿ. ಅದಕ್ಕೆ ಕಾಯುವ ಸಮಯ ಸೇರಿದೆ. ಎಕ್ಸ್ ಎಂಬ ಗುರುತಿನ ಪಕ್ಕದಲ್ಲಿ ಕೂಡಿಸುವ ಚಿಹ್ನೆ ಮತ್ತು ಸೆಕೆಂಡ್ ಇರುವುದು ಅದಕ್ಕೇ. ಹರಿವು ನಿಂತ ಮೇಲೆ ಅಷ್ಟು ಸೆಕೆಂಡ್ ಕಾಯದೆ ಓದಿದರೆ ಗೋಡೆಗಂಟಿದ ದ್ರವ ಇನ್ನೂ ಇಳಿಯುತ್ತಿರುತ್ತದೆ, ಬರೆದಿರುವ ಸಹಿಷ್ಣುತೆ ಆ ಓದಿಗೆ ಅನ್ವಯಿಸುವುದಿಲ್ಲ. ಎಕ್ಸ್ ಎಂದರೆ ಹೊರಗೆ ಬಿಟ್ಟದ್ದರ ಅಳತೆ, ಇನ್ ಎಂದರೆ ಒಳಗೆ ಹಿಡಿದದ್ದರ ಅಳತೆ. ಎಕ್ಸ್ ಗುರುತಿನ ಒಂದೇ ಗೀಟಿನ ಪಿಪೆಟ್ಟಿನ ತುದಿಯಲ್ಲಿ ಉಳಿಯುವ ದ್ರವವನ್ನು ಮೊದಲೇ ಲೆಕ್ಕದಲ್ಲಿ ಬಿಡಲಾಗಿದೆ. ತುದಿಯನ್ನು ಗೋಡೆಗೆ ಮುಟ್ಟಿಸಿ ನಿಲ್ಲಿಸಿ, ಊದಬೇಡಿ. ಊದಬೇಕಾದ ಪಿಪೆಟ್ಟುಗಳಿಗೆ ಮೇಲ್ತುದಿಯಲ್ಲಿ ಬೇರೆ ಪಟ್ಟಿಯ ಗುರುತಿರುತ್ತದೆ.

ಉಷ್ಣತೆಯ ಗುರುತು 20 ಅಥವಾ 27 ಡಿಗ್ರಿ ಸೆಲ್ಸಿಯಸ್ ಇರಬಹುದು. 20ರ ಗಾಜನ್ನು 27ರಲ್ಲಿ ಬಳಸಿದರೆ ಬೋರೊಸಿಲಿಕೇಟ್ ಗಾಜು 50 ಮಿಲಿಗೆ 0.004 ಮಿಲಿಯಷ್ಟೂ ಹಿಗ್ಗುವುದಿಲ್ಲ; ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ನೀರು ಅಷ್ಟೇ ಅಂತರದಲ್ಲಿ ಶೇಕಡಾ 0.17 ಹಿಗ್ಗುತ್ತದೆ. ಹಾಗಾಗಿ ಎಸಿ ಕೋಣೆಯಲ್ಲಿ ಮಾಡಿದ ಸ್ಟ್ಯಾಂಡರ್ಡ್ ಅನ್ನು ಬಿಸಿ ಕೋಣೆಯಲ್ಲಿ ಬಳಸುವುದು ಗಾಜಿನ ಗುರುತಿಗಿಂತ ದೊಡ್ಡ ತಪ್ಪು.

ಪಿಪೆಟ್ ಇನ್ನೂ ಎ ಕ್ಲಾಸಿನಲ್ಲಿದೆಯೇ ಎಂದು ತೂಕದಿಂದ ನೋಡಿ. ಮುಚ್ಚಳವಿರುವ ಫ್ಲಾಸ್ಕನ್ನು ಸೊನ್ನೆ ಮಾಡಿ, 27 ಡಿಗ್ರಿಯ ಶುದ್ಧ ನೀರನ್ನು 50 ಮಿಲಿ ಪಿಪೆಟ್ಟಿನಿಂದ ಬಿಟ್ಟರೆ ಸುಮಾರು 49.77 ಗ್ರಾಂ ಬರಬೇಕು, 0.05 ಗ್ರಾಂ ಆಚೀಚೆ. ಸತತವಾಗಿ ಕಡಿಮೆ ಬರುತ್ತಿದ್ದರೆ ಮೊದಲು ಒಳಗೋಡೆ ನೋಡಿ: ನೀರು ಇಳಿದ ಮೇಲೆ ತೆಳುಪೊರೆಯ ಬದಲು ಬಿಡಿ ಹನಿಗಳು ನಿಂತಿದ್ದರೆ ಜಿಡ್ಡಿದೆ, ತೊಳೆದು ಮತ್ತೆ ತೂಗಿ. ತುದಿ ಸೀಳಿದೆಯೇ ಎಂದೂ ನೋಡಿ. ಸೀಳಿದ ತುದಿಯ ಪಿಪೆಟ್ ಬೇಗ ಇಳಿಯುತ್ತದೆ, ಅದರ ಮೇಲಿನ ಎ ಗುರುತಿಗೆ ಇನ್ನು ಬೆಲೆಯಿಲ್ಲ, ಅದನ್ನು ಬಫರಿನ ಕೆಲಸಕ್ಕೆ ಇಟ್ಟುಕೊಳ್ಳಬಹುದು.