ಅಜ್ಜನ ಅಂಗಡಿಗೆ ಫೋನ್ ಯಾಕೆ ಮಾಡಬೇಕು?

"ಜಾಹೀರಾತಿನ ಕಥೆ ಚೆಂದ ಹೋಗ್ತಾ ಇರ್ತದೆ. ಕೊನೆಗೆ 'ಕರೆ ಮಾಡಿ' ಅಂದ ಕೂಡಲೇ ಎಲ್ಲ ಕೆಟ್ಟು ಹೋಗ್ತದೆ. ಏನು ಮಾಡೋದು?"

ಫೋನ್ ಮಾಡುವ ಕಾರಣವನ್ನು ಕಥೆಯ ನಡುವೆಯೇ ಇಟ್ಟುಬಿಡಿ. ಇದನ್ನು ನಾನು ಕಲಿತದ್ದು ಉಡುಪಿ ರಥಬೀದಿಯ ಹತ್ತಿರದ ಒಬ್ಬ ಹಿರಿಯ ಟೈಲರ್‌ಗೆ ಒಂದು ನಿಮಿಷದ ಸ್ಕ್ರಿಪ್ಟ್ ಬರೆಯುವಾಗ. ರೆಡಿಮೇಡ್ ಬಂದ ಮೇಲೆ ಹೊಲಿಯಲು ಕೊಡುವವರು ಕಡಿಮೆಯಾಗಿದ್ದರು. ಹಾಗಾಗಿ ಅಜ್ಜ ಆಲ್ಟರೇಷನ್ ಶುರು ಮಾಡಿದ್ದರು.

ಮೊದಲ ಸಲ ನಾನು ಧೂಳು ಹಿಡಿದ ಮೆಷಿನ್, ಖಾಲಿ ಬೆಂಚು, ಅಜ್ಜನ ನಿಟ್ಟುಸಿರು ಅಂತ ಬರೆದೆ. ಕೊನೆಗೆ ನಂಬರ್. ಫೋನ್ ಬಂತು, ಆದರೆ ಹೆಚ್ಚಿನವರು "ಅಜ್ಜ ಹೇಗಿದ್ದಾರೆ?" ಅಂತ ಕೇಳಿ ಇಟ್ಟರು. ಶರ್ಟ್ ತಂದವರು ಇಲ್ಲ. ನನ್ನ ಕಥೆ ಕನಿಕರ ಹುಟ್ಟಿಸಿತ್ತು, ಕೆಲಸವನ್ನು ತೋರಿಸಿರಲಿಲ್ಲ.

ಮತ್ತೆ ಅಂಗಡಿಗೆ ಹೋಗಿ ಸುಮ್ನೆ ಕೂತು ನೋಡಿದೆ. ಒಬ್ಬ ಹುಡುಗ ಹೊಸ ಶರ್ಟ್ ತಂದ. ಅಜ್ಜ ಅದನ್ನು ಒಳಗು ಹೊರಗು ಮಾಡಿ ಪಕ್ಕದ ಹೊಲಿಗೆಯನ್ನು ಹೆಬ್ಬೆರಳಲ್ಲಿ ತಡವಿದರು. ರೆಡಿಮೇಡ್‌ನಲ್ಲಿ ಒಳಗೆ ಬಿಡುವ ಬಟ್ಟೆ ತೀರಾ ಕಡಿಮೆ. ಹಾಗಾಗಿ ಬಿಗಿ ಮಾಡಬಹುದು, ಸಡಿಲ ಮಾಡುವುದು ಕಷ್ಟ. ಎರಡೂ ಪಕ್ಕದಲ್ಲಿ ಅರ್ಧರ್ಧ ಇಂಚು ಒಳಗೆ ಹಿಡಿದರೆ ಸುತ್ತಳತೆ 2 ಇಂಚು ಇಳಿಯುತ್ತದೆ, ಯಾಕೆಂದರೆ ಮುಂದಿನ ಬಟ್ಟೆಯೂ ಹಿಂದಿನದೂ ಒಟ್ಟಿಗೆ ಹೋಗುತ್ತದೆ. ಅದಕ್ಕೇ ಅಜ್ಜ ಶರ್ಟ್ ಬಿಟ್ಟು ಹೋಗಲು ಒಪ್ಪುವುದಿಲ್ಲ. ಹಾಕಿಸಿ, ಪಿನ್ ಚುಚ್ಚಿ, ಕೈ ಎತ್ತಿಸಿ ನೋಡುತ್ತಾರೆ. ಒಬ್ಬರಿಗೆ ಹತ್ತು ನಿಮಿಷವಾದರೂ ಬೇಕು.

ನನಗೆ ಬೇಕಿದ್ದ ಕಾರಣ ಅಲ್ಲೇ ಇತ್ತು. ಮೈಮೇಲೆ ನೋಡಲೇಬೇಕು ಅಂದರೆ ಜನ ಬರಬೇಕು. ಎಲ್ಲರೂ ಒಟ್ಟಿಗೆ ಬಂದರೆ ಆಗುವುದಿಲ್ಲ, ಸಮಯ ಕೇಳಿ ಬರಬೇಕು.

ಆಮೇಲೆ ಬರೆದದ್ದು ಹೀಗಿದೆ. ಕನ್ನಡದ ಪದಗಳು ಉದ್ದ, ಹಾಗಾಗಿ ಒಂದು ನಿಮಿಷಕ್ಕೆ ನಾನು 80 ಪದ ದಾಟಿಸುವುದಿಲ್ಲ. ಇಲ್ಲಿ ಅದಕ್ಕಿಂತಲೂ ಕಡಿಮೆ ಸಾಕಾಯಿತು, ಉಳಿದದ್ದು ಮೆಷಿನ್‌ನ ಸದ್ದಿಗೆ.

ಹುಡುಗ: "ಅಜ್ಜ, ಭುಜಕ್ಕೆ ಸರಿ ಉಂಟು, ಸೊಂಟಕ್ಕೆ ಗೋಣಿಚೀಲದ ಹಾಗೆ. ಇಟ್ಟು ಹೋಗ್ಲಾ?"
ಅಜ್ಜ: "ಶರ್ಟಿಗೆ ಮೈ ಉಂಟಾ? ನೀನು ಹಾಕಿ ನಿಲ್ಲು."
(ಪಿನ್ ಚುಚ್ಚುವ ಬೆರಳುಗಳು, ಹತ್ತಿರದಿಂದ. ಹುಡುಗ ಕೈ ಎತ್ತುತ್ತಾನೆ. ಬಾಗಿಲಲ್ಲಿ ಇನ್ನೂ ಮೂವರು. ಫೋನ್ ರಿಂಗ್ ಆಗುತ್ತದೆ.)
ಅಜ್ಜ, ಬಾಯಲ್ಲಿ ಪಿನ್ ಕಚ್ಚಿಕೊಂಡು, ಹುಡುಗನಿಗೆ: "ನೀನೇ ತೆಗಿ. ಯಾವ ಬಟ್ಟೆ, ಯಾವ ದಿನಕ್ಕೆ ಬೇಕು, ಕೇಳಿ ಬರ್ಕೋ."

ನಂಬರ್ ಇಲ್ಲಿ ತೆರೆಗೆ ಬರುತ್ತದೆ, ಕೊನೆಯ 8 ಸೆಕೆಂಡ್ ಹಾಗೇ ನಿಲ್ಲುತ್ತದೆ. ಶಬ್ದ ಇಲ್ಲದೆ ನೋಡುವವರಿಗೂ ಬರೆದುಕೊಳ್ಳಲು ಸಮಯ ಸಿಗಬೇಕು ಅಲ್ವಾ? ಹುಡುಗ ಪಿನ್ ಚುಚ್ಚಿದ ಶರ್ಟಿನಲ್ಲೇ ಪುಸ್ತಕ ತೆರೆದು ಹೇಳುತ್ತಾನೆ:

"ಹಲೋ... ಹೌದು, ಅಜ್ಜ ಇದ್ದಾರೆ. ನಾಳೆ ನಾಲ್ಕೂವರೆಗೆ ಬರ್ತೀರಾ? ಶರ್ಟ್ ತನ್ನಿ, ನೀವೂ ಬನ್ನಿ."