ಮಣ್ಣಿನ ಬ್ಲಾಕ್ ಕೋಣೆ: ಮಣ್ಣಿನ ಪರೀಕ್ಷೆಯಿಂದ ಮೊದಲ ವರಸೆಗಳವರೆಗೆ

ಮಾಗಡಿ ಬಳಿಯ ನಮ್ಮ ತೋಟದ ಮನೆಗೆ ಹೊಂದಿಕೊಂಡಂತೆ, ಒಳ ಅಳತೆ 3 ಮೀಟರ್‌ಗೆ 4 ಮೀಟರ್ ಇರುವ ಒಂದು ಕೋಣೆಯನ್ನು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕುಗಳಿಂದ ಕಟ್ಟುತ್ತಿದ್ದೇನೆ. ತಳಪಾಯ ಮುಗಿದಿದೆ, ಬ್ಲಾಕುಗಳು ಸಿದ್ಧವಾಗಿವೆ, ಗೋಡೆ ಕಿಟಕಿಯ ಕೆಳಮಟ್ಟಕ್ಕೆ ಬಂದಿದೆ. ಹಲಗೆಗಳ ನಡುವೆ ಮಣ್ಣನ್ನು ಪದರ ಪದರವಾಗಿ ಕುಟ್ಟಿ ಎಬ್ಬಿಸುವ ಗೋಡೆಯನ್ನೂ ಯೋಚಿಸಿದ್ದೆ. ಆದರೆ ಅದಕ್ಕೆ ಬೇಕಾಗುವ ಗಟ್ಟಿ ಹಲಗೆಕಟ್ಟಿನ ಖರ್ಚು ಇಷ್ಟು ಚಿಕ್ಕ ಕೋಣೆಗೆ ಭಾರವೆನಿಸಿತು. ಬ್ಲಾಕುಗಳಾದರೆ ಒಂದೊಂದನ್ನೂ ಗೋಡೆಗೆ ಇಡುವ ಮೊದಲೇ ಪರೀಕ್ಷಿಸಿ ನೋಡಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಈ ಬ್ಲಾಕುಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ನಮ್ಮ ಕಡೆಯ ಕೆಂಪು ಮಣ್ಣು ಇದಕ್ಕೆ ಹೊಂದುತ್ತದೆ, ಏಕೆಂದರೆ ಅದರ ಜೇಡಿ ನೀರು ಕುಡಿದಾಗ ಹೆಚ್ಚು ಉಬ್ಬುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ಹಾಗಲ್ಲ. ಅದು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ, ಸಿಮೆಂಟ್ ಒಂದನ್ನೇ ನಂಬಿದರೆ ಸಾಲದು, ಸುಣ್ಣವನ್ನೂ ಬಳಸಬೇಕಾಗುತ್ತದೆ.

ಮೇಲಿನ ಗೊಬ್ಬರದಂಶವಿರುವ ಪದರವನ್ನು ತೆಗೆದು ಹಾಕಿ, ತಳಪಾಯಕ್ಕಾಗಿ ಅಗೆದ ಕೆಳಗಿನ ಮಣ್ಣನ್ನೇ ಉಳಿಸಿಕೊಂಡೆವು. ನೇರ ಬದಿಯ ಗಾಜಿನ ಜಾಡಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದಕ್ಕೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟಾಗ ಮರಳು ಕೂಡಲೇ ತಳಕ್ಕೆ ಇಳಿಯಿತು, ಅದರ ಮೇಲೆ ನಯವಾದ ಹೂಳು ಕೂತಿತು, ಜೇಡಿ ಪೂರ್ತಿ ಕೂರಲು ಮರುದಿನವಾಯಿತು. ಒಟ್ಟು ಎತ್ತರದಲ್ಲಿ ಸುಮಾರು ಅರ್ಧ ಮರಳು, ಐದನೇ ಒಂದು ಭಾಗ ಹೂಳು, ಉಳಿದ ಶೇ. 30ರಷ್ಟು ಜೇಡಿ. ನೀರಿನಲ್ಲಿ ಜೇಡಿ ಸ್ವಲ್ಪ ಉಬ್ಬಿ ಕಾಣುವುದರಿಂದ ಇದು ಅಂದಾಜು ಮಾತ್ರ. ಆದರೂ ಈ ಮಣ್ಣನ್ನು ಹಾಗೆಯೇ ಒತ್ತಬಾರದು ಎಂದು ತಿಳಿಯಲು ಅಷ್ಟು ಸಾಕು. ಜೇಡಿ ಹೆಚ್ಚಾದರೆ ಬ್ಲಾಕು ಒಣಗುವಾಗ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ. ತೀರಾ ಕಡಿಮೆಯಾದರೆ ಯಂತ್ರದಿಂದ ಎತ್ತುವಾಗಲೇ ಅಂಚು ಉದುರುತ್ತದೆ. ಶೇ. 15ರ ಆಸುಪಾಸು ಜೇಡಿ, ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮರಳು ಇರುವ ಮಿಶ್ರಣ ಒಳ್ಳೆಯದು. ಆದ್ದರಿಂದ ಮಣ್ಣಿಗೆ ಸಮಪ್ರಮಾಣದಲ್ಲಿ ಕಲ್ಲು ಕ್ರಷರಿನ ಪುಡಿಯನ್ನು ಬೆರೆಸಿದೆವು. ಹೆಂಟೆಗಳನ್ನು ಒಡೆದು ಜರಡಿ ಹಿಡಿಯುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ, ಏಕೆಂದರೆ ಒಳಗೆ ಉಳಿದ ಜೇಡಿಯ ಚಿಕ್ಕ ಉಂಡೆಗೂ ಸಿಮೆಂಟ್ ತಲುಪುವುದಿಲ್ಲ. ಮಳೆ ಬಿದ್ದಾಗ ಅದು ಕರಗಿ ಗುಳಿಯಾಗುತ್ತದೆ.

ನಮ್ಮ ಬ್ಲಾಕಿನ ಅಳತೆ 230 × 190 × 100 ಮಿ.ಮೀ., ಗೋಡೆಯ ದಪ್ಪ 190 ಮಿ.ಮೀ. ಬಾಗಿಲು, ಎರಡು ಕಿಟಕಿಗಳನ್ನು ಕಳೆದರೆ ಸುಮಾರು 35 ಚದರ ಮೀಟರ್ ಗೋಡೆಗೆ, ಚದರ ಮೀಟರಿಗೆ 37ರಂತೆ 1,300 ಬ್ಲಾಕುಗಳು ಬೇಕು. ಒಡಕಿಗೂ ಸೇರಿಸಿ 1,400 ಎಂದು ಲೆಕ್ಕ ಹಾಕಿದೆ.

ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಟ್ಟದ್ದು ತಕ್ಕಡಿಗೆ. ಅಚ್ಚಿನ ಅಳತೆ ಬದಲಾಗದಿರುವಾಗ ಅದರೊಳಗೆ ಎಷ್ಟು ತೂಕದ ಮಣ್ಣು ಹಾಕುತ್ತೇವೆ ಎಂಬುದೇ ಬ್ಲಾಕಿನ ಸಾಂದ್ರತೆಯನ್ನು ನಿರ್ಧರಿಸುತ್ತದೆ, ಸಾಂದ್ರತೆ ಸ್ವಲ್ಪ ಇಳಿದರೂ ಬಲ ಬಹಳ ಇಳಿಯುತ್ತದೆ. ಒಣ ಸಾಂದ್ರತೆ ಘನ ಸೆಂಟಿಮೀಟರಿಗೆ 1.8 ಗ್ರಾಂ ಇರಲಿ ಎಂದು ಗುರಿ ಇಟ್ಟುಕೊಂಡರೆ, 4,370 ಘನ ಸೆಂಟಿಮೀಟರಿನ ನಮ್ಮ ಬ್ಲಾಕಿಗೆ 7.87 ಕೆ.ಜಿ. ಒಣ ಮಿಶ್ರಣ ಬೇಕು, ಶೇ. 10ರಷ್ಟು ನೀರು ಸೇರಿದಾಗ ಅದು ಸುಮಾರು 8.7 ಕೆ.ಜಿ. ಆಗುತ್ತದೆ. ಹತ್ತು ಬ್ಲಾಕಿನ ಒಂದು ಕಲಸಿಗೆ ಮಣ್ಣು 37 ಕೆ.ಜಿ., ಕ್ರಷರ್ ಪುಡಿ 37 ಕೆ.ಜಿ., ಸಿಮೆಂಟ್ 5.2 ಕೆ.ಜಿ., ಅಂದರೆ ಶೇ. 7. ಹೀಗೆ ಒಂದು ಚೀಲ ಸಿಮೆಂಟಿನಲ್ಲಿ 95ಕ್ಕೂ ಹೆಚ್ಚು ಬ್ಲಾಕುಗಳಾಗುತ್ತವೆ. ಇಡೀ ಕೋಣೆಯ ಬ್ಲಾಕುಗಳಿಗೆ 15 ಚೀಲ ಸಾಕಾಯಿತು.

ನೀರಿನ ಲೆಕ್ಕದಲ್ಲಿ ಮಣ್ಣಿನೊಳಗೆ ಮೊದಲೇ ಇರುವ ತೇವವನ್ನು ಮರೆಯಬಾರದು. ಬೆಳಿಗ್ಗೆ ಒಂದು ಕೆ.ಜಿ. ಮಣ್ಣನ್ನು ಬಾಣಲೆಯಲ್ಲಿ ಹುರಿದು ಮತ್ತೆ ತೂಗಿ, ಕಡಿಮೆಯಾದಷ್ಟನ್ನು ಆ ದಿನದ ನೀರಿನಿಂದ ಕಳೆಯುತ್ತಿದ್ದೆವು. ಕಲಸಿದ್ದನ್ನು ಅಂಗೈಯಲ್ಲಿ ಉಂಡೆ ಮಾಡಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಟ್ಟಾಗ ಅದು ನಾಲ್ಕೈದು ಹೋಳಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಗಿದೆ. ಕಲಸಿದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು, ಏಕೆಂದರೆ ಸಿಮೆಂಟ್ ಹಿಡಿಯಲು ಶುರುವಾದ ಮಿಶ್ರಣ ಒತ್ತಡಕ್ಕೆ ಸರಿಯಾಗಿ ಕೂರುವುದಿಲ್ಲ. ದೊಡ್ಡ ಕಲಸು ಹಾಕದೆ ಹತ್ತಕ್ಕೇ ನಿಲ್ಲಿಸಿದ್ದರ ಕಾರಣ ಇದು.

ಯಂತ್ರದ ಹಿಡಿಯನ್ನು ಎಳೆಯುವ ಕೆಲಸಗಾರರಿಗೆ 8.7 ಕೆ.ಜಿ. ಹಾಕಿದಾಗ ಕೊನೆಯಲ್ಲಿ ಚೆನ್ನಾಗಿ ಬಲ ಹಾಕಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಣ್ಣನ್ನು ಸ್ವಲ್ಪ ಕಡಿಮೆ ಹಾಕಿದರೆ ಹಿಡಿ ಸರಾಗವಾಗಿ ಇಳಿಯುತ್ತದೆ, ಬ್ಲಾಕು ನೋಡಲು ಅಷ್ಟೇ ಚೆನ್ನಾಗಿ ಹೊರಬರುತ್ತದೆ. "ತೂಕ ಯಾಕೆ ಸ್ವಾಮಿ, ಇನ್ನೊಂದು ಬುಟ್ಟಿ ಸಿಮೆಂಟ್ ಬಿಟ್ಟರೆ ಗಟ್ಟಿ ಆಗ್ತದಲ್ಲ" ಎಂದು ನಮ್ಮ ಮೇಸ್ತ್ರಿಯವರು ಕೇಳಿದರು. ಅದಕ್ಕೆ ಒಂದೇ ಕಲಸಿನಿಂದ 8.7 ಕೆ.ಜಿ.ಯ ಒಂದು ಬ್ಲಾಕು, 7.9 ಕೆ.ಜಿ.ಯ ಇನ್ನೊಂದು ಬ್ಲಾಕು ಒತ್ತಿಸಿ ಗುರುತು ಹಾಕಿ ಇಟ್ಟೆ. ಎರಡಕ್ಕೂ ಒಂದೇ ಕ್ಯೂರಿಂಗ್. ಬಳಿಕ ಎರಡು ದಿನ ನೀರಿನಲ್ಲಿ ಮುಳುಗಿಸಿ ತೆಗೆದಾಗ, ಕಡಿಮೆ ತೂಕದ್ದರ ಮೂಲೆಗೆ ಮೊಳೆಯಿಂದ ಗೀರಿದರೆ ಮಣ್ಣು ಕೆಸರಿನಂತೆ ಬಂತು, ಗೀರು ಆಳಕ್ಕೆ ಇಳಿಯಿತು. ಇನ್ನೊಂದರಲ್ಲಿ ಬಿಳಿಯ ತೆಳು ಗೆರೆ ಮಾತ್ರ ಮೂಡಿತು. ಮೂಲೆಯಲ್ಲೇ ಗೀರಿ ನೋಡಬೇಕು, ಏಕೆಂದರೆ ಅಚ್ಚಿನ ಮೂಲೆಗಳಿಗೆ ಮಣ್ಣು ತಾನಾಗಿ ಹೋಗುವುದಿಲ್ಲ. ಮುಚ್ಚಳ ಹಾಕುವ ಮುನ್ನ ಬೆರಳಿನಿಂದ ಒತ್ತಿ ತುಂಬಬೇಕು. ಅಂದಿನಿಂದ ಮೇಸ್ತ್ರಿಯವರೇ ತಕ್ಕಡಿಯ ಬಳಿ ನಿಂತರು.

ಒತ್ತಿದ ಬ್ಲಾಕುಗಳನ್ನು ನೆರಳಿನಲ್ಲಿ ಪೇರಿಸಿ, ಮರುದಿನದಿಂದ ಹುಲ್ಲು, ಗೋಣಿಚೀಲ ಹೊದಿಸಿ ಮೂರು ವಾರ ಒಣಗದಂತೆ ನೀರು ಚಿಮುಕಿಸಿದೆವು. ಬಿಸಿಲಿಗೆ ಬೇಗ ಒಣಗಿದ ಬ್ಲಾಕು ಗಟ್ಟಿಯಾಗಿಯೇ ಕಾಣುತ್ತದೆ. ಅದು ಬರಿಯ ಜೇಡಿ ಒಣಗಿದ ಗಡಸುತನ, ನೆನೆದರೆ ಉಳಿಯುವುದಿಲ್ಲ. ಒಣ ಬ್ಲಾಕನ್ನು ತಟ್ಟಿ ಸದ್ದು ಕೇಳಿ ಒಪ್ಪುವ ಪದ್ಧತಿಯನ್ನು ಹಾಗಾಗಿ ನಾನು ನಂಬುವುದಿಲ್ಲ.

ಗೋಡೆ ನೆಲಮಟ್ಟದಿಂದ 45 ಸೆಂ.ಮೀ. ಎತ್ತರದ ಕಲ್ಲಿನ ಕಟ್ಟಿನ ಮೇಲೆ ನಿಂತಿದೆ, ಅಂಗಳಕ್ಕೆ ಬಿದ್ದ ಮಳೆಹನಿ ಸಿಡಿದು ಕೆಳಗಿನ ವರಸೆಗೆ ಬಡಿಯಬಾರದು ಎಂದು. ಗಾರೆಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಜರಡಿ ಹಿಡಿದ ಅದೇ ಮಣ್ಣು, ಆರು ಪಾಲು ಮರಳು. ಮಣ್ಣು ಸೇರಿದ ಗಾರೆ ಕರಣೆಯಿಂದ ಜಾರದೆ ಚೆನ್ನಾಗಿ ಹರಡುತ್ತದೆ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬ್ಲಾಕಿಗಿಂತ ಬಹಳ ಗಟ್ಟಿಯಾದ ಗಾರೆ ಬೇಡ. ಗೋಡೆ ಸ್ವಲ್ಪ ಅಲುಗಿದರೆ ಬಿರುಕು ಸಂದಿನಲ್ಲಿ ಮೂಡಲಿ, ಅಲ್ಲಿ ರಿಪೇರಿ ಸುಲಭ. ಇಡುವ ಮೊದಲು ಬ್ಲಾಕನ್ನು ಬಕೆಟಿನಲ್ಲಿ ಅದ್ದಿ ತೆಗೆಯುತ್ತೇವೆ, ನೆನೆಹಾಕುವುದಿಲ್ಲ.

ಸದ್ಯಕ್ಕೆ ಕಿಟಕಿಯ ಚೌಕಟ್ಟುಗಳನ್ನು ನಿಲ್ಲಿಸಿ ತೂಗುಗುಂಡು ಹಿಡಿಯಲಾಗಿದೆ. ಮುಂದಿನ ವಾರ ಲಿಂಟಲ್ ಮಟ್ಟಕ್ಕೆ ಏರಿಸಿ, ನಾಲ್ಕೂ ಗೋಡೆಗಳನ್ನು ಸುತ್ತುವ ಕಾಂಕ್ರೀಟಿನ ಪಟ್ಟಿಗೆ ಕಂಬಿ ಕಟ್ಟಬೇಕು. ಛಾವಣಿ ಹೊರಗೆ 60 ಸೆಂ.ಮೀ. ಚಾಚಲಿದೆ, ಅದು ಬರುವವರೆಗೆ ರಾತ್ರಿ ಕೆಲಸ ನಿಲ್ಲಿಸುವಾಗ ಗೋಡೆಯ ತಲೆಗೆ ಟಾರ್ಪಾಲು ಹೊದಿಸುತ್ತಿದ್ದೇವೆ.