ಕುಶನ್ ಅಡಿಯ ಒಂದಕ್ಷರ

ಕಾರವಾರದಲ್ಲಿ ಸೋಫಾ ಕ್ಲೀನಿಂಗ್ ಕೆಲಸ ಶುರು ಮಾಡಿದ ಹೊಸತು. ಕೋಡಿಬಾಗದ ಒಂದು ಮನೆಯಲ್ಲಿ ಬೂದು ಬಣ್ಣದ ವೆಲ್ವೆಟ್ ಸೋಫಾ. ತುಂಬ ಬೆಕ್ಕಿನ ಕೂದಲು, ಕೈ ಇಡುವ ಕಡೆ ಚಹಾದ ಕಲೆ. ನಾನು ಶಾಂಪೂ ನೀರು ಸ್ಪ್ರೇ ಮಾಡಿ, ಬ್ರಶ್ ಹಾಕಿ ಉಜ್ಜಿದೆ. ಮರುದಿನ ಆ ಮನೆಯ ಅಮ್ಮನವರ ಫೋನ್ ಬಂತು: "ತಮ್ಮಾ, ಚಹಾದ ಕಲೆ ಹೋಯ್ತು, ಅದರ ಸುತ್ತ ದೊಡ್ಡ ಉಂಗುರ ಬಂತಲ್ಲ!"

ಹೋಗಿ ಕುಶನ್ ಎತ್ತಿ ನೋಡಿದೆ. ಹೊಲಿಗೆಯಲ್ಲಿ ಸಣ್ಣ ಲೇಬಲ್, ಅದರಲ್ಲಿ ವಿಸ್ಕೋಸ್ ಎಂದಿತ್ತು, ಪಕ್ಕದಲ್ಲಿ ಇಂಗ್ಲಿಷಿನ 'ಎಸ್'. ಎಸ್ ಅಂದರೆ ಸಾಲ್ವೆಂಟ್, ಅಂದರೆ ನೀರಿಲ್ಲದ ಡ್ರೈಕ್ಲೀನಿಂಗ್ ದ್ರವ ಮಾತ್ರ, ನೀರು ಬೇಡ. ವಿಸ್ಕೋಸ್ ಎಳೆ ನೀರು ಕುಡಿದು ಉಬ್ಬುತ್ತದೆ, ವೆಲ್ವೆಟ್ಟಿನ ರೋಮ ಅಲ್ಲೇ ಮಲಗಿಬಿಡುತ್ತದೆ. ಒಳಗಿನ ಕೊಳೆ ನೀರಿನ ಜೊತೆ ಹರಿದು ಒದ್ದೆಯ ಅಂಚಿನಲ್ಲಿ ಒಣಗುತ್ತದೆ. ಆ ಉಂಗುರ ಅದೇ. ಎಷ್ಟು ಪ್ರಯತ್ನಪಟ್ಟರೂ ಪೂರ್ತಿ ಹೋಗಲಿಲ್ಲ, ಕೂಲಿ ವಾಪಸ್ ಕೊಟ್ಟೆ.

ಅಂದಿನಿಂದ ಮೊದಲು ಲೇಬಲ್ ಹುಡುಕುತ್ತೇನೆ. 'ಡಬ್ಲ್ಯೂ' ಇದ್ದರೆ ನೀರು ಬೆರೆಸಿದ ಕ್ಲೀನರ್ ನಡೆಯುತ್ತದೆ. 'ಡಬ್ಲ್ಯೂಎಸ್' ಇದ್ದರೆ ಎರಡೂ. 'ಎಕ್ಸ್' ಇದ್ದರೆ ವ್ಯಾಕ್ಯೂಮ್, ಮೆತ್ತನೆ ಬ್ರಶ್ ಅಷ್ಟೇ. ಡಬ್ಲ್ಯೂ ಅಂದರೆ ಕವರ್ ಬಿಚ್ಚಿ ವಾಷಿಂಗ್ ಮೆಷಿನ್‌ಗೆ ಹಾಕಬಹುದು ಅಂತ ತುಂಬ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಕವರ್ ಕುಗ್ಗಿದರೆ ಮತ್ತೆ ಫೋಮಿಗೆ ಹೊಂದುವುದೇ ಇಲ್ಲ.

ಇನ್ನು ಕೂದಲು. ಅಕ್ಷರ ಯಾವುದೇ ಇರಲಿ, ಕೂದಲನ್ನು ಒಣಗಿದ್ದಾಗಲೇ ತೆಗೆಯಬೇಕು. ಒದ್ದೆಯಾದರೆ ಗಂಟುಗಟ್ಟಿ ನೇಯ್ಗೆಯೊಳಗೆ ಕೂತುಬಿಡುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿ ಒಂದೇ ದಿಕ್ಕಿಗೆ ಎಳೆಯುತ್ತೇನೆ. ಕೂದಲೆಲ್ಲ ಸುರುಳಿಯಾಗಿ ಒಂದೆಡೆ ಬರುತ್ತದೆ. ವೆಲ್ವೆಟ್ಟಾದರೆ ರೋಮ ಮಲಗುವ ದಿಕ್ಕಿಗೆ, ಹಗುರ ಕೈಯಲ್ಲಿ. ಆಮೇಲೆ ಸಂದಿಗಳಿಗೆ ವ್ಯಾಕ್ಯೂಮಿನ ಚಪ್ಪಟೆ ಮೂತಿ.

ಕಲೆಗೆ ಬಿಳಿ ಹತ್ತಿ ಬಟ್ಟೆ, ಉಜ್ಜುವುದಲ್ಲ, ಒತ್ತುವುದು, ಹೊರಗಿನಿಂದ ಒಳಕ್ಕೆ. ಎಸ್ ಸೋಫಾಕ್ಕೆ ಸಾಲ್ವೆಂಟನ್ನು ಬಟ್ಟೆಗೆ ಹಾಕುತ್ತೇನೆ, ಸೋಫಾದ ಮೇಲೆ ಸುರಿಯುವುದಿಲ್ಲ. ಕಿಟಕಿ ತೆರೆದಿರಬೇಕು, ದೇವರ ದೀಪ, ಊದಬತ್ತಿ ಆರಿಸಿರಬೇಕು, ಯಾಕೆಂದರೆ ಆವಿಗೆ ಬೆಂಕಿ ಹತ್ತಬಹುದು. ನಾಯಿ ಉಚ್ಚೆಯ ಕಲೆಗೆ, ಡಬ್ಲ್ಯೂ ಇದ್ದರೆ ಎಂಜೈಮ್ ಕ್ಲೀನರ್ ಹಾಕಿ, ಬಾಟಲಿಯಲ್ಲಿ ಬರೆದಷ್ಟು ಹೊತ್ತು ಬಿಡುತ್ತೇನೆ. ಬಿಸಿನೀರು, ಸ್ಟೀಮ್ ಮುಟ್ಟಿಸುವುದಿಲ್ಲ, ವಾಸನೆ ಒಳಗೇ ಉಳಿದುಬಿಡುತ್ತದೆ.

ನಮ್ಮ ಕಡೆ ಜೂನ್-ಜುಲೈ ಮಳೆಯಲ್ಲಿ ಫೋಮ್ ಒಣಗುವುದೇ ಕಷ್ಟ ಅಲ್ವಾ? ಆಗ ಮೇಲ್ಬಟ್ಟೆ ಮಾತ್ರ ತೇವ ಮಾಡಿ, ಒಣ ಟವೆಲ್‌ನಿಂದ ಒತ್ತಿ, ಫ್ಯಾನ್ ರಾತ್ರಿಯಿಡೀ ಬಿಡಲು ಹೇಳುತ್ತೇನೆ.

ಲೇಬಲ್ ಕತ್ತರಿಸಿ ಬಿಸಾಡಿದ್ದರೆ ಹಿಂಬದಿಯ ಕೆಳಗೆ, ಯಾರಿಗೂ ಕಾಣದ ಕಡೆ, ಒಂದು ಹನಿ ನೀರು ಇಟ್ಟು ಬಿಳಿ ಬಟ್ಟೆ ಒತ್ತುತ್ತೇನೆ. ಬಣ್ಣ ಬಿಟ್ಟರೆ, ಒಣಗಿದ ಮೇಲೆ ಗುರುತು ಉಳಿದರೆ, ಅಂದು ವ್ಯಾಕ್ಯೂಮ್ ಮಾಡಿ ವಾಪಸ್ ಬರುತ್ತೇನೆ.